ಬೀಗಿತ್ತಿಯ ಸೀರೆಗೆ ಅಂಟಿದ ಗಮ್ಮು

ಬೀಗರು ಬರುತ್ತಾರೆಂದು ಎರಡು ದಿನ ಮಗ್ಗ ನಿಲ್ಲಿಸಿದ್ದೆವು. ದೊಡ್ಡಬಳ್ಳಾಪುರದ ಪವರ್‌ಲೂಮ್ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಆ ಮಗ್ಗಗಳ ಸದ್ದಿಗೆ ತಲೆ ಸಿಡಿದು ಅಳುತ್ತಿದ್ದವಳು ನಾನು. ಐದಾರು ವರ್ಷ ಕಳೆದ ಮೇಲೆ ಸದ್ದು ನಿಂತರೇ ಎದೆ ಹೊಡೆದುಕೊಳ್ಳುವ ಹಾಗಾಗಿತ್ತು. ಸದ್ದಿಲ್ಲದ ಆ ಮನೆಯಲ್ಲಿ ಅಡುಗೆಮನೆಯ ಪಿಸುಮಾತು ಬೀದಿಬಾಗಿಲವರೆಗೂ ಕೇಳುತ್ತಿತ್ತು. ಹಾಗಾಗಿ ಯಾರೂ ಮಾತಾಡುತ್ತಲೇ ಇರಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ನಾದಿನಿ, ಅಂದರೆ ಗಂಡನ ತಂಗಿ, ಗಂಡನ ಮನೆ ಬಿಟ್ಟು ಬಂದು ಹೆಚ್ಚುಕಮ್ಮಿ ವರ್ಷವಾಗಿತ್ತು. ಅವಳನ್ನು ಕೊಟ್ಟಿದ್ದು ಇಲ್ಲೇ ಹತ್ತಿರದ ವಿಜಯಪುರದ ರೇಷ್ಮೆ ಬಿಚ್ಚಾಣಿಕೆ ಮಾಡುವ ಮನೆಗೆ. ಕುದಿನೀರಿನ ತೊಟ್ಟಿಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ಅಲ್ಲಿ ಕೈ ಜಾರಿ ತೊಟ್ಟಿಗೆ ಬಿತ್ತಂತೆ, ಎಡಗೈ ಮಣಿಕಟ್ಟಿನವರೆಗೆ ಬೆಂದುಹೋಗಿತ್ತು. ವಾಸಿ ಮಾಡಿಕೊಂಡು ಬರುತ್ತೇನೆಂದು ಐದು ವರ್ಷದ ಮಗಳನ್ನು ಕರೆದುಕೊಂಡು ತವರಿಗೆ ಬಂದವಳು ತಿರುಗಿ ಹೋಗಿರಲಿಲ್ಲ. ಕೇಳಿದರೆ 'ಇನ್ನೂ ನೋಯ್ತದೆ' ಅನ್ನುತ್ತಿದ್ದಳು. ನಮ್ಮತ್ತೆ ಪ್ರತಿದಿನ ಆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, 'ಇಷ್ಟಕ್ಕೆಲ್ಲ ಗಂಡನ ಮನೆ ಬಿಡ್ತಾರಾ' ಎಂದು ಪ್ರತಿದಿನ ಗೊಣಗುತ್ತಿದ್ದರು.

ಕಡೆಗೆ ವಿಜಯಪುರದವರೇ ಹೇಳಿ ಕಳಿಸಿದರು: ಹಿರಿಯರ ಜೊತೆ ಬಂದು ಸೊಸೆಯನ್ನು ಕರೆದುಕೊಂಡು ಹೋಗುತ್ತೇವೆ. ಜೊತೆಗೆ ಒಂದು ಸೀರೆಯೂ ಬಂತು. ಅದು ನಾದಿನಿಯ ಅತ್ತೆ, ನಮ್ಮ ಬೀಗಿತ್ತಿ, ತಮ್ಮ ಧಾರೆಗೆ ಉಟ್ಟಿದ್ದ ಸೀರೆ. ಅಪ್ಪಟ ರೇಷ್ಮೆ, ಅರಿಶಿನದ ಮೈ, ಕುಂಕುಮದ ಬಣ್ಣದ ಅಂಚು, ನಿಜವಾದ ಜರಿ. ಅವರ ಮನೆಯಲ್ಲಿ ಮುನಿಸಿಕೊಂಡು ಹೋದ ಸೊಸೆಯನ್ನು ಕರೆಯುವ ಪದ್ಧತಿಯೇ ಅದಂತೆ. ಅತ್ತೆಯ ಸೀರೆ ಉಟ್ಟುಕೊಂಡು ಹಿರಿಯರ ಮುಂದೆ ಬಂದು ಕೂತರೆ ಬರಲು ಒಪ್ಪಿದಳು ಎಂದರ್ಥ, ಆಮೇಲೆ ಯಾರೂ ಹಳೆಯದನ್ನು ಎತ್ತುವಂತಿಲ್ಲ. ಉಡದಿದ್ದರೆ ಅತ್ತೆಗೆ ಮಾಡಿದ ಅವಮಾನ, ಅವರು ನೀರೂ ಮುಟ್ಟದೆ ಎದ್ದು ಹೋಗುತ್ತಾರೆ. ಒಂದು ಮಾತೂ ಆಡಿಸದೆ ಹುಡುಗಿಯನ್ನು ಒಪ್ಪಿಸಿಬಿಡುವ ಈ ಉಪಾಯ ಯಾವ ಪುಣ್ಯಾತ್ಮರಿಗೆ ಹೊಳೆಯಿತೋ ಎಂದು ನನಗೆ ಆಗಲೇ ಉರಿದಿತ್ತು. ಆದರೆ ನಾನು ಬಾಯಿ ಬಿಡಲಿಲ್ಲ, ಸೊಸೆ ಅಲ್ಲವೇ.

ನನ್ನ ಕೆಲಸ ಆ ಮನೆಯಲ್ಲಿ ಮಗ್ಗದಿಂದ ಇಳಿದ ಸೀರೆಗಳ ಕಲೆ ತೆಗೆದು ಮಡಿಸುವುದು. ಪವರ್‌ಲೂಮ್ ಅಂದಮೇಲೆ ಎಣ್ಣೆ ಸಿಡಿಯದೆ ಇರುವುದಿಲ್ಲ. ಹೊಸ ಕಲೆಯಾದರೆ ಮೇಲೆ ಪೌಡರ್ ಉದುರಿಸಿ, ಪೇಪರ್ ಇಟ್ಟು, ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಎಣ್ಣೆ ಕಾದು ಪೌಡರಿಗೆ ಬಂದುಬಿಡುತ್ತದೆ. ಹಳೆಯದಾದರೆ ಬಿಳಿ ಪೆಟ್ರೋಲು. ಬಂಕಿನಲ್ಲಿ ಸಿಗುವ ಬಣ್ಣದ ಪೆಟ್ರೋಲಲ್ಲ, ಡ್ರೈಕ್ಲೀನಿಂಗ್ ಅಂಗಡಿಯವರು ಬಳಸುವ ನೀರಿನಂಥದ್ದು, ಬೇಗ ಆರಿ ಹೋಗುವಂಥದ್ದು. ಅದರ ಒಂದು ಬಾಟಲಿ ಯಾವಾಗಲೂ ಹಿತ್ತಲ ಗೂಡಿನಲ್ಲಿ, ಒಲೆಯಿಂದ ದೂರ ಇರುತ್ತಿತ್ತು.

ಬೀಗರು ಬರುವ ಹಿಂದಿನ ದಿನ ಮಧ್ಯಾಹ್ನ ನನ್ನ ಗಂಡ ಶಾಮಿಯಾನದ ಅಂಗಡಿಯಿಂದ ನಡುಮನೆಗೆ ಒಂದು ಕಾರ್ಪೆಟ್ ಬಾಡಿಗೆಗೆ ತಂದರು. ಕೆಂಪು ನೈಲಾನಿನದು, ಕೆಳಗಡೆ ರಬ್ಬರು ಬಳಿದದ್ದು. ಹಾಸಿ ಇನ್ನೂ ಕೈ ಒರೆಸಿಕೊಂಡಿರಲಿಲ್ಲ, ನಾದಿನಿಯ ಮಗಳು ಅಗಿಯುತ್ತಿದ್ದ ಚೂಯಿಂಗ್ ಗಮ್ ಅದರ ನಟ್ಟನಡುವೆ ಬಿತ್ತು. ಅದನ್ನು ಅತ್ತೆ ತುಳಿದರು. ಕಾಲೆತ್ತಿದರೆ ನೂಲಿನ ಹಾಗೆ ಎಳೆಎಳೆಯಾಗಿ ಎದ್ದು ಬಂತು.

"ಬಿಡಿ ಅತ್ತೆ, ನಾನು ನೋಡ್ಕೋತೀನಿ" ಅಂದೆ. ಅವರೆಲ್ಲಿ ಬಿಟ್ಟಾರು, ನಲವತ್ತು ವರ್ಷ ಮಗ್ಗದ ಮನೆಯಲ್ಲಿ ಬಾಳಿದವರು.

"ಎಣ್ಣೇನೇ ಬರ್ತದಂತೆ, ಇದು ಬರಲ್ವಾ" ಎಂದು ಪೌಡರ್ ಸುರಿದು, ಪೇಪರ್ ಇಟ್ಟು, ಇಸ್ತ್ರಿ ಪೆಟ್ಟಿಗೆ ಒತ್ತಿಯೇಬಿಟ್ಟರು.

ಎತ್ತಿದರೆ ಪೇಪರೂ ಅಂಟಿಕೊಂಡಿದೆ, ಗಮ್ಮು ಬೆಣ್ಣೆಯ ಹಾಗೆ ಕರಗಿ ಬುಡಕ್ಕೆ ಇಳಿದಿದೆ, ಪೌಡರು ಅದರೊಳಗೆ ಸೇರಿ ಸುಣ್ಣ ಕಲಸಿದಂತಾಗಿದೆ. ಎಣ್ಣೆಗೂ ಗಮ್ಮಿಗೂ ಅದೇ ವ್ಯತ್ಯಾಸ. ಎಣ್ಣೆ ಬಿಸಿಗೆ ಹೊರಗೆ ಬರುತ್ತದೆ, ಗಮ್ಮು ಬಿಸಿಗೆ ಒಳಗೆ ಹೋಗುತ್ತದೆ. ನಾನು ಸಿಟ್ಟಿನಲ್ಲಿ ಅದನ್ನೇ ಗಟ್ಟಿಯಾಗಿ ಅಂದೆ. ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದ ನಾದಿನಿ ತಲೆಯೆತ್ತಿ, "ಒಳಗೆ ಹೋದ್ರೆ ಆಮೇಲೆ ಬರಲ್ವಾ ಅತ್ತಿಗೆ?" ಎಂದು ಕೇಳಿದಳು.

"ಬರೋದು ಕಷ್ಟ" ಅಂದೆ. ಅವಳು ಮತ್ತೆ ಕಂಡಿಕೆಯ ಕಡೆ ತಿರುಗಿದಳು.

ಬಸ್‌ಸ್ಟ್ಯಾಂಡಿನ ಹತ್ತಿರದ ಐಸ್‌ಕ್ಯಾಂಡಿ ಅಂಗಡಿಯಿಂದ ನನ್ನ ಗಂಡ ಐಸು ತಂದರು. ಪ್ಲಾಸ್ಟಿಕ್ ಕವರಿಗೆ ತುಂಬಿ ಗಮ್ಮಿನ ಮೇಲೆ ಬಹಳ ಹೊತ್ತು ಒತ್ತಿ ಹಿಡಿದೆ. ಮೆತ್ತಗಿದ್ದದ್ದು ಕಲ್ಲಾಯಿತು. ಚಮಚದ ಹಿಡಿಯಿಂದ ಕುಟ್ಟಿದರೆ ಪಟಪಟನೆ ಒಡೆದು ಪುಡಿಯಾಯಿತು, ಬೆಚ್ಚಗಾಗುವ ಮೊದಲೇ ಪುಡಿಯನ್ನು ಹೆಕ್ಕಿದೆ. ಮತ್ತೆ ಐಸು, ಮತ್ತೆ ಕುಟ್ಟುವುದು. ಬುಡದಲ್ಲಿ ಉಳಿದ ಜಿಗುಟಿಗೆ, ಕಾರ್ಪೆಟ್ಟನ್ನು ಹಿತ್ತಲಿಗೆ ಎಳೆದು, ಬಟ್ಟೆಯ ತುದಿಗೆ ಪೆಟ್ರೋಲು ಅದ್ದಿ ಒತ್ತಿ ಒತ್ತಿ ತೆಗೆದೆ. ನೇರವಾಗಿ ಸುರಿದರೆ ಅಡಿಯ ರಬ್ಬರು ಕರಗಿ ಕಿತ್ತುಬರುತ್ತದೆ. ಇಸ್ತ್ರಿ ಮುಟ್ಟಿದ ಜಾಗದಲ್ಲಿ ನೈಲಾನ್ ಸ್ವಲ್ಪ ಹೊಳೆಯುತ್ತಿತ್ತು. ಅದರ ಮೇಲೆ ಎಲೆ ಅಡಿಕೆ ತಟ್ಟೆ ಇಟ್ಟರಾಯಿತು ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಬೀಗರು ಬರಲು ಎರಡು ಮೂರು ಗಂಟೆ ಇರುವಾಗ, ನಾದಿನಿಯನ್ನು ಸ್ನಾನಕ್ಕೆ ಕಳಿಸಿ ನಾನು ಟ್ರಂಕಿನಿಂದ ಸೀರೆ ತೆಗೆದೆ. ಸುತ್ತಿದ್ದ ಬಿಳಿ ಪಂಚೆ ಬಿಚ್ಚಿ ಒಂದು ಮಡಿಕೆ ಬಿಡಿಸಿದೆ, ಎರಡನೆಯದು ಬಿಡಲಿಲ್ಲ. ಇನ್ನಷ್ಟು ಎಳೆದರೆ ರೇಷ್ಮೆ ಹರಿಯುತ್ತಿತ್ತು. ಇಣುಕಿದೆ. ಸೆರಗಿನ ಹತ್ತಿರ, ಉಟ್ಟರೆ ಸರಿಯಾಗಿ ಎದೆಯ ಮೇಲೆ ಬರುವ ಕಡೆ, ರೂಪಾಯಿ ಅಗಲ ಗಮ್ಮು ಎರಡು ಮಡಿಕೆಯನ್ನೂ ಕಚ್ಚಿ ಹಿಡಿದಿತ್ತು.

"ಅತ್ತೆ" ಅಂದೆ, ಅಷ್ಟೇ. ಅವರು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದರು, ನೋಡಿದರು, ಹಿತ್ತಲಿಗೆ ಹೋಗಿ ಮೊಮ್ಮಗಳ ಕೆನ್ನೆಗೆ ಬಾರಿಸಿದರು.

"ನಾನಲ್ಲ ಅಜ್ಜಿ" ಎಂದಿತು ಮಗು. ಇನ್ನೊಂದು ಬಿತ್ತು. ಆ ಹೊತ್ತಿಗೆ ನಾದಿನಿ ಬಚ್ಚಲಿನಿಂದ ಒದ್ದೆ ತಲೆಯಲ್ಲಿ ಹೊರಗೆ ಬಂದಿದ್ದಳು. ಮಗಳು ಓಡಿ ಹೋಗಿ ಅವಳ ಕಾಲು ಹಿಡಿಯಿತು. ಅವಳು ಮಗಳ ತಲೆಯ ಮೇಲೆ ಕೈಯಿಟ್ಟು ಗೋಡೆ ನೋಡುತ್ತಾ ನಿಂತಳು, ಒಂದು ಮಾತೂ ಆಡಲಿಲ್ಲ. ಎಂಥ ತಾಯಿ ಇವಳು ಎಂದು ನನಗೆ ಮೈಯೆಲ್ಲ ಉರಿಯಿತು.

ಅತ್ತೆ ಪಡಸಾಲೆಯಲ್ಲಿ ಕುಸಿದು ಕೂತರು. "ಅವರ ಧಾರೆ ಸೀರೆ ಕಣಮ್ಮ. ಹಾಳು ಮಾಡ್ದೋ ಅಂದ್ರೆ ಇನ್ನೊಂದ್ಸಲ ಈ ಹೊಸಲು ತುಳೀತಾರಾ? ನನ್ನ ಮಗಳ ಬಾಳು ಇವತ್ತಿಗೆ ಮುಗೀತು" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗಟ್ಟಿಯಾಗಿ ಅಳಲೂ ಭಯ, ಪಕ್ಕದ ಮನೆಗೆ ಕೇಳಿಬಿಟ್ಟರೆ.

"ಒಲೆ ಆರಿಸಿ ಅತ್ತೆ, ಪೆಟ್ರೋಲ್ ಬಾಟ್ಲಿ ಬಿಚ್ಬೇಕು. ಇನ್ನು ಯಾರೂ ಇಸ್ತ್ರಿ ಪೆಟ್ಟಿಗೆ ಮುಟ್ಬೇಡಿ" ಅಂದೆ. ಬಾತು ಅರ್ಧ ಬೆಂದಿತ್ತು. ಅವರು ಹೋಗಿ ಒಲೆ ಆರಿಸಿದರು. ನನ್ನ ಗಂಡ ಮತ್ತೆ ಐಸಿಗೆ ಓಡಿದರು.

ಹಿತ್ತಲಲ್ಲಿ ಹಲಗೆಯ ಮೇಲೆ ಶುಭ್ರವಾದ ಪಂಚೆ ಹಾಸಿ ಸೀರೆ ಇಟ್ಟೆ. ರೇಷ್ಮೆ ಕಾರ್ಪೆಟ್ಟಿನಂತಲ್ಲ. ನೀರು ತಾಗಿದರೆ ಕಲೆ ಕೂರುತ್ತದೆ, ಅಂಚಿನ ಕೆಂಪು ಮೈಯ ಹಳದಿಗೆ ಇಳಿದರೂ ಇಳಿಯಿತು. ಕವರಿನ ಮೇಲೆ ಕವರು ಹಾಕಿ, ಬಾಯಿ ಬಿಗಿದು, ಹೊರಗಿನ ಹನಿ ಒರೆಸಿ ಒರೆಸಿ ಐಸು ಇಟ್ಟೆ. ಗಮ್ಮು ಕಲ್ಲಾದ ಮೇಲೆ ಎರಡು ಮಡಿಕೆಯ ನಡುವೆ ಬೆರಳು ತೂರಿಸಿ ನಿಧಾನಕ್ಕೆ ಬಿಡಿಸಿದೆ. ಟಕ್ಕೆಂದು ಬಿಟ್ಟಿತು. ಒಂದು ಕಡೆ ತೆಳ್ಳಗೆ ಕಲೆ, ಇನ್ನೊಂದು ಕಡೆ ಪೂರ್ತಿ ಗಮ್ಮು.

ಚಾಕುವಿನಿಂದ ಕೆರೆಯುವಂತಿಲ್ಲ, ಒಂದು ಎಳೆ ಹರಿದರೂ ಅದು ಕಡೆತನಕ ಕಾಣುತ್ತದೆ. ಬಟ್ಟೆಯನ್ನು ಹಲಗೆಯ ಅಂಚಿನ ಮೇಲೆ ಮೆಲ್ಲಗೆ ಬಾಗಿಸಿದೆ. ಗಟ್ಟಿಯಾದ ಗಮ್ಮು ಬಾಗಲಾರದೆ ಬಿರುಕು ಬಿಟ್ಟಿತು. ಬಿರುಕಿಗೆ ಚಿಮಟ ಹಾಕಿ ಒಂದೊಂದೇ ಚೂರು ಎತ್ತಿದೆ. ಮಗ್ಗದಲ್ಲಿ ನೂಲಿನ ಗಂಟು ಕೀಳುವ ಚಿಮಟ ಅದು. ಬಿಸಿಲು ಏರುತ್ತಿತ್ತು, ಐಸು ನೀರಾಗುತ್ತಿತ್ತು, ಗಮ್ಮು ಅತ್ತ ಮೆತ್ತಗಾದರೆ ಇತ್ತ ನನ್ನ ಬೆನ್ನಲ್ಲಿ ಬೆವರು. ತಣ್ಣಗಿದ್ದಾಗ ಸಿಕ್ಕಷ್ಟು ತೆಗೆಯಬೇಕು, ಮೆತ್ತಗಾದ ಕೂಡಲೇ ಕೈ ಹಿಂದೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಹರಡುತ್ತದೆ. ಬೆರಳು ಮರಗಟ್ಟಿ ಚಿಮಟ ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ.

ಪಕ್ಕದ ಮನೆಯಾಕೆಗೆ ಹೇಗೋ ಸುದ್ದಿ ಮುಟ್ಟಿ, ಗೋಡೆಯ ಆಚೆಯಿಂದ, "ಉಗುರು ಬಣ್ಣ ತೆಗೆಯೋದು ಇದೆ, ಕೊಡ್ಲಾ?" ಎಂದಳು. "ಬೇಡ್ರೀ, ಬಣ್ಣ ಹೋದ್ರೆ ಯಾರು ತಂದ್ಕೊಡ್ತಾರೆ" ಎಂದು ಸಿಡುಕಿದೆ. ಅವಳ ತಪ್ಪೇನಿಲ್ಲ, ನನ್ನ ನಾಲಗೆಯೇ ಹಾಗೆ.

ಮೇಲಿನ ಗಮ್ಮು ಹೋದ ಮೇಲೆ ಪೆಟ್ರೋಲು. ಮೊದಲು ಸೊಂಟದೊಳಗೆ ಹೋಗುವ ತುದಿಯಲ್ಲಿ ಒಂದು ಹನಿ ಹಾಕಿ, ಬಿಳಿ ಬಟ್ಟೆಯಿಂದ ಒತ್ತಿ ನೋಡಿದೆ. ಬಣ್ಣ ಬಿಡಲಿಲ್ಲ, ಜರಿಯೂ ಕಪ್ಪಾಗಲಿಲ್ಲ. ಪೆಟ್ರೋಲನ್ನು ಹಿಂಬದಿಯಿಂದ ಹಚ್ಚಬೇಕು. ಆಗ ಜಿಗುಟು ಕೆಳಗೆ ಹಾಸಿದ ಬಟ್ಟೆಗೆ ಇಳಿಯುತ್ತದೆ, ಸೀರೆಯೊಳಗೆ ಇನ್ನಷ್ಟು ಹೋಗುವುದಿಲ್ಲ. ಹಾಗೆಂದು ಹತ್ತಿಗೆ ಪೆಟ್ರೋಲು ಅದ್ದಿಕೊಂಡು ಸೀರೆಯ ಹಿಂಬದಿ ತಿರುಗಿಸಿದೆ.

ತಿರುಗಿಸಿದವಳು ಹಾಗೇ ಕೂತೆ. ಗಮ್ಮು ಹಿಂಬದಿಗೂ ಬಂದಿತ್ತು. ಚಪ್ಪಟೆಯಾಗಿ, ಎಣ್ಣೆ ಹೀರಿದಂತೆ ಎಳೆಎಳೆಯ ನಡುವೆ ಇಳಿದು ಹೊಳೆಯುತ್ತಿತ್ತು. ಮಗುವಿನ ಬಾಯಿಂದ ಬಿದ್ದ ಗಮ್ಮು ಮೇಲೆ ಗುಡ್ಡೆಯಾಗಿ ಕೂರುತ್ತದೆಯೇ ಹೊರತು ಹೀಗೆ ಇಳಿಯುವುದಿಲ್ಲ. ಇದೇ ರೂಪ ನಾನು ನಿನ್ನೆ ಮಧ್ಯಾಹ್ನ ಕಾರ್ಪೆಟ್ಟಿನಲ್ಲಿ ನೋಡಿದ್ದೆ. ಇದರ ಮೇಲೆ ಯಾರೋ ಇಸ್ತ್ರಿ ಪೆಟ್ಟಿಗೆ ಒತ್ತಿದ್ದರು. ಒತ್ತಿ, ಅಂಚಿಗೆ ಅಂಚು ಕೂಡಿಸಿ ಮಡಿಸಿ, ಪಂಚೆ ಸುತ್ತಿ, ಟ್ರಂಕಿನಲ್ಲಿ ಇಟ್ಟಿದ್ದರು.

ನಾದಿನಿ ನನ್ನ ಎದುರಿಗೇ ತೊಳೆಯುವ ಕಲ್ಲಿನ ಮೇಲೆ ಕೂತು ತಲೆ ಆರಿಸಿಕೊಳ್ಳುತ್ತಿದ್ದಳು. ತಲೆಯೆತ್ತಿ ಅವಳನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಯಾಕೇ ಹಿಂಗ್ ಮಾಡ್ದೆ?" ಅಂದೆ, ಉಸಿರಿನಲ್ಲೇ.

ಅವಳು ಸುಳ್ಳು ಹೇಳಲಿಲ್ಲ. "ಮಗೂಗೆ ಏಟು ಬಿತ್ತಲ್ಲ ಅತ್ತಿಗೆ, ಆಗ್ಲೇ ಬಾಯ್ಬಿಡ್ಬೇಕಿತ್ತು. ಬಾಯಿ ಬರ್ಲಿಲ್ಲ."

"ಹೋಗೋಕೆ ಇಷ್ಟ ಇಲ್ದಿದ್ರೆ ಅದನ್ನ ಹೇಳೋದು ತಾನೆ."

"ಯಾರಿಗೆ ಹೇಳ್ಲಿ? ಅಮ್ಮನಿಗಾ? ಸೀರೆ ಹಾಳಾಗಿದೆ ಅಂದ್ರೆ ಅವರೇ ಸಿಟ್ಟು ಮಾಡ್ಕೊಂಡು ಹೋಗ್ತಾರೆ. ನಾನು ಏನೂ ಹೇಳೋ ಹಂಗೇ ಇರಲ್ಲ ಅಂದ್ಕೊಂಡೆ." ಎಡಗೈ ಮುಂದೆ ಚಾಚಿದಳು. ಬೆಂದ ಚರ್ಮ ಬಿಸಿಲಿಗೆ ನುಣ್ಣಗೆ ಹೊಳೆಯುತ್ತಿತ್ತು. "ಕೈ ಜಾರ್ಲಿಲ್ಲ ಅತ್ತಿಗೆ. ನೂಲು ಕಡಿದೋಯ್ತು ಅಂತ ನಮ್ಮ ಯಜಮಾನ್ರೇ ಹಿಡಿದು ಅದ್ದಿದ್ದು. ನನ್ನ ಅತ್ತೆ ಅಲ್ಲೇ ಗೂಡು ಆರಿಸ್ತಾ ಕೂತಿದ್ರು. 'ಯಾರಾದ್ರೂ ಕೇಳಿದ್ರೆ ಜಾರ್ತು ಅನ್ನು' ಅಂತ ಹೇಳ್ಕೊಟ್ಟಿದ್ದು ಅವರೇ."

ನನ್ನ ಕೈಯಲ್ಲಿದ್ದ ಹತ್ತಿಯಿಂದ ಪೆಟ್ರೋಲು ಆರಿಹೋಯಿತು. ಇಷ್ಟು ಹೊತ್ತು ನಾನು ಉಸಿರು ಬಿಗಿಹಿಡಿದು ತೆಗೆಯುತ್ತಿದ್ದದ್ದು ಅವಳಿಗಿದ್ದ ಒಂದೇ ದಾರಿಯನ್ನು. ಬಿಟ್ಟುಬಿಡಲೇ ಎನಿಸಿತು. ಕಲೆ ಹೋಗಲಿಲ್ಲ ಎಂದರೆ ಯಾರು ಕೇಳುತ್ತಾರೆ? ಆದರೆ ಆಮೇಲೆ? ಬೀಗಿತ್ತಿ ಎದ್ದು ಹೋಗುತ್ತಾರೆ, ನಾಲ್ಕು ದಿನ ಬಿಟ್ಟು ಇನ್ನೊಂದು ಸೀರೆ ಬರುತ್ತದೆ. ಅಷ್ಟರಲ್ಲಿ ತಪ್ಪೆಲ್ಲ ನಮ್ಮದಾಗಿರುತ್ತದೆ, ಅವರ ಧಾರೆ ಸೀರೆ ಹಾಳು ಮಾಡಿದ ಹಂಗಿಗೆ ಇವಳು ತಲೆ ತಗ್ಗಿಸಿ ಹೋಗಲೇಬೇಕಾಗುತ್ತದೆ. ಆ ಮನೆಯಲ್ಲಿ ಈ ಕಲೆಯನ್ನೇ ಹಿಡಿದು ಜೀವಮಾನವಿಡೀ ಆಡುತ್ತಾರೆ.

"ನಾನು ಇದನ್ನ ತೆಗೀತೀನಿ" ಅಂದೆ.

ಅವಳ ಮುಖ ಕಪ್ಪಿಟ್ಟಿತು. "ನೀವೂ ನನ್ನ ಕಳಿಸ್ತೀರಾ?"

"ಕೇಳ್ಕೋ. ಹಾಳಾದ ಸೀರೇನ ವಾಪಸ್ ಕೊಡೋಕಾಗಲ್ಲ. ಚೆನ್ನಾಗಿರೋದನ್ನಾದ್ರೆ ಕೊಡ್ಬೋದು."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತು, ಸೀರೆಯ ಆ ಜಾಗವನ್ನು ಬಿಗಿಯಾಗಿ ಹಿಡಿದುಕೊಂಡಳು. ಅವಳು ಹಿಡಿಯುವುದು, ನಾನು ಒತ್ತುವುದು. ಹತ್ತಿಯನ್ನು ಉಜ್ಜದೆ, ಕಲೆಯ ಹೊರಗಿನಿಂದ ಒಳಕ್ಕೆ ತಟ್ಟುತ್ತಾ ಬಂದೆ. ಕೆಳಗಿನ ಬಟ್ಟೆಗೆ ಜಿಗುಟು ಇಳಿದಾಗಲೆಲ್ಲ ಬಟ್ಟೆ ಸರಿಸಿ ಹೊಸ ಜಾಗ ಕೊಟ್ಟೆ. ಇಸ್ತ್ರಿ ಬಿದ್ದದ್ದರಿಂದ ಸುಲಭಕ್ಕೆ ಬರಲಿಲ್ಲ. ಒಂದು ಸಲ ಬಂತೆಂದುಕೊಂಡರೆ ಆರಿದ ಮೇಲೆ ಮತ್ತೆ ಬೆರಳಿಗೆ ಅಂಟುತ್ತಿತ್ತು. ಬಾಟಲಿಯ ತಳ ಕಾಣತೊಡಗಿತು. ಇಬ್ಬರಿಗೂ ವಾಸನೆಗೆ ತಲೆ ತಿರುಗುತ್ತಿತ್ತು, ಆಗಾಗ ಮುಖ ತಿರುಗಿಸಿ ಗಾಳಿ ಎಳೆದುಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಬೀದಿಯಲ್ಲಿ ಕಾರು ನಿಂತ ಸದ್ದಾಯಿತು.

"ಬಂದ್ರು" ಎಂದು ಅತ್ತೆ ಬಾಗಿಲಿನಿಂದ ಇಣುಕಿದರು. "ಆಯ್ತಾ?"

"ಕೂರ್ಸಿ ಅತ್ತೆ. ಮಜ್ಜಿಗೆ ಕೊಡಿ. ಒಲೆ ಮಾತ್ರ ಹಚ್ಬೇಡಿ."

ಕಡೆಯ ಸಲ ಒತ್ತಿ, ಪೆಟ್ರೋಲಿನ ಅಂಚು ಉಂಗುರದಂತೆ ಕೂರದಿರಲೆಂದು ಸುತ್ತ ಪೌಡರು ಉದುರಿಸಿ ಗಾಳಿಗೆ ಹಿಡಿದೆವು. ಪೌಡರು ಕೊಡವಿದ ಮೇಲೆ ಬೆರಳಾಡಿಸಿದೆ. ಅಂಟಲಿಲ್ಲ. ಬೆಳಕಿಗೆ ಹಿಡಿದೆ, ಎಲ್ಲಿತ್ತು ಎಂದು ನನಗೇ ಹುಡುಕಬೇಕಾಯಿತು. ನಾದಿನಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಮಡಿಸಿದಳು.

"ಜೊತೆಗೆ ಬರ್ಲಾ?" ಎಂದು ಕೇಳಿದೆ.

"ಹಿಂದೆ ನಿಂತಿರಿ, ಸಾಕು."

ನಡುಮನೆಯಲ್ಲಿ ಕೆಂಪು ಕಾರ್ಪೆಟ್ಟಿನ ಮೇಲೆ ಅವರ ಕಡೆಯ ಹಿರಿಯರಿಬ್ಬರು, ಬೀಗಿತ್ತಿ, ಹೊಸ ಶರ್ಟು ತೊಟ್ಟ ನಾದಿನಿಯ ಗಂಡ ಕೂತಿದ್ದರು. ನನ್ನ ಗಂಡ ಕಂಬಕ್ಕೆ ಒರಗಿ ನಿಂತಿದ್ದರು. ನಾದಿನಿ ದಿನಾ ಉಡುವ ನೂಲಿನ ಸೀರೆಯಲ್ಲೇ ಬಂದಳು, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಆ ಸೀರೆ. ಅತ್ತೆ ಅವಳನ್ನು ನೋಡಿ ಮಜ್ಜಿಗೆ ಚೊಂಬನ್ನು ನೆಲಕ್ಕಿಟ್ಟರು. ಬೀಗಿತ್ತಿ ಹುಬ್ಬು ಗಂಟಿಕ್ಕಿ, "ಇದೇನಮ್ಮ, ಉಟ್ಕೊಂಡು ಬರ್ಲಿಲ್ವಾ?" ಎಂದರು.

ಅವಳು ತಟ್ಟೆಯನ್ನು ಅವರ ಮುಂದೆ ಇಟ್ಟಳು. "ಬಿಡಿಸಿ ನೋಡ್ಕೊಳ್ಳಿ ಅತ್ತೆ. ನಿಮ್ಮ ಸೀರೆ ಹೆಂಗ್ ಬಂತೋ ಹಂಗೇ ಇದೆ."

ಬೀಗಿತ್ತಿ ನಿಜಕ್ಕೂ ಬಿಡಿಸಿದರು. ಒಂದೊಂದೇ ಮಡಿಕೆ ತೆರೆದು, ಸೆರಗು, ಅಂಚು, ಮೈ ಎಲ್ಲವನ್ನೂ ಸವರಿ ನೋಡಿದರು. ಅವರ ಬೆರಳು ಆ ಜಾಗದ ಮೇಲೂ ಬಂತು. ಬೆರಳು ನಿಲ್ಲಲಿಲ್ಲ, ಮುಂದೆ ಹೋಯಿತು. ತಪ್ಪು ಹುಡುಕಲು ಏನೂ ಸಿಗಲಿಲ್ಲ.

"ಮತ್ತೆ ಯಾಕೆ ಉಡ್ಲಿಲ್ಲ?"

"ನಾನು ಬರಲ್ಲ. ಕೈ ಜಾರಿದ್ದಲ್ಲ ಅಂತ ನಿಮಗೆ ಗೊತ್ತು. ನೀವು ಅಲ್ಲೇ ಇದ್ರಿ."

ಗಂಡನಾದವನು ನೆಲ ನೋಡಿದ. ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಮಗ್ಗ ನಿಂತ ಮನೆ, ಯಾರೂ ಕೇಳಿಸಲಿಲ್ಲ ಎನ್ನುವಂತಿರಲಿಲ್ಲ. ಬೀಗಿತ್ತಿ ನಮ್ಮತ್ತೆಯ ಕಡೆ ತಿರುಗಿದರು. "ಮಗಳು ಏನೋ ಮಾತಾಡ್ತಾಳೆ. ತಾಯಿ ನೀವು, ನೀವೇನಂತೀರಾ?"

ನನಗೆ ಹೆದರಿಕೆಯಾದದ್ದು ಆಗಲೇ. ಅತ್ತೆ ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು, ವರ್ಷವಿಡೀ ಅದನ್ನೇ ಕೇಳಿದ್ದೆ. ಅವರು ಎದ್ದು ಮಗಳ ಹತ್ತಿರ ಬಂದರು. ಅವಳ ಎಡಗೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು, ಮೊದಲ ಸಲ ನೋಡುವವರಂತೆ ತಿರುಗಿಸಿ ನೋಡಿದರು. ಬೆಂದ ಗುರುತು ಮಣಿಕಟ್ಟಿನ ಸುತ್ತ ಒಂದೇ ಸಮ ಗೆರೆ ಎಳೆದಂತೆ ನಿಂತಿತ್ತು. ಜಾರಿ ಬಿದ್ದ ಕೈಯನ್ನು ಯಾರಾದರೂ ತಕ್ಷಣ ಎಳೆದುಕೊಳ್ಳುತ್ತಾರೆ, ನೀರು ಅಲ್ಲೊಂದು ಇಲ್ಲೊಂದು ಸಿಡಿದಿರುತ್ತದೆ. ಇದು ಹಿಡಿದು ನಿಲ್ಲಿಸಿದ ಕೈ.

"ದಿನಾ ಎಣ್ಣೆ ಹಚ್ದೆ" ಎಂದರು ಅತ್ತೆ, ಯಾರಿಗೆ ಎಂದು ಗೊತ್ತಾಗಲಿಲ್ಲ. "ದಿನಾ ಹಚ್ದೆ. ಒಂದಿನಾನೂ ಕೇಳ್ಲಿಲ್ವಲ್ಲ ನಾನು."

ಆಮೇಲೆ ಮಗಳ ಕೈ ಬಿಡದೆಯೇ ಬಗ್ಗಿ, ಇನ್ನೊಂದು ಕೈಯಿಂದ ಸೀರೆಯ ತಟ್ಟೆಯನ್ನು ಬೀಗಿತ್ತಿಯ ಕಡೆಗೆ ಸರಿಸಿದರು.

"ಮಡಿಸ್ಕೊಳ್ಳಿ" ಎಂದರು.